ಮೂರನೆಯ ಖಾನೆಯ ಡಿಸ್ಕ್

ಸುಮ್ಮನೆ ಕೂತಿರುವುದಕ್ಕೇ ಒಂದು ಡಿಸ್ಕ್ ಕೊಳ್ಳಬೇಕು ಎಂದು ಯಾರಾದರೂ ಹೇಳಿದರೆ ನನ್ನಂಥವಳು ಒಪ್ಪುವುದಿಲ್ಲ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ನಿಂತವಳು ನಾನು. ಎದುರಿನವರು ವಾಕ್ಯ ಮುಗಿಸುವುದರೊಳಗೆ ಅದರಲ್ಲಿ ತೂತು ಎಲ್ಲಿದೆ ಎಂದು ಹುಡುಕುವುದು ರೂಢಿಯಾಗಿತ್ತು. ಹುಮನಾಬಾದಿನ ಕಂಪ್ಯೂಟರ್ ಅಂಗಡಿಗೆ ಹೋದಾಗಲೂ ಅದೇ ರೂಢಿಯನ್ನು ಕಟ್ಟಿಕೊಂಡು ಹೋಗಿದ್ದೆ.

ಬಸವಕಲ್ಯಾಣದಲ್ಲಿ ನನ್ನ ಕಾಕುವಿನದು, ಎಂದರೆ ಚಿಕ್ಕಮ್ಮನದು, ರಕ್ತಪರೀಕ್ಷೆಯ ಲ್ಯಾಬು. ಡಾಕ್ಟರು ಆಕೆ, ಕಂಪ್ಯೂಟರಿನ ಕೆಲಸ ನನ್ನದು. ಮುಂಜಾನೆ ದುಬಲಗುಂಡಿಯಿಂದ, ಮನ್ನಾಏಖೇಳ್ಳಿಯಿಂದ ಟ್ಯೂಬುಗಳು ಬರುತ್ತವೆ. ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ಬಾರ್‌ಕೋಡಿನ ಗೆರೆಗಳಿರುತ್ತವೆ. ಯಾವ ಗೆರೆ ಯಾರದೆಂಬುದು ಕಂಪ್ಯೂಟರಿಗೆ ಮಾತ್ರ ಗೊತ್ತು. ಒಂದು ದಿನ ನಮ್ಮ ಹಳೆಯ ಕಂಪ್ಯೂಟರಿನ ಡಿಸ್ಕ್ ಕೈಕೊಟ್ಟಿತು. ಆ ದಿನ ಅರ್ಧ ಲ್ಯಾಬಿನ ರಕ್ತ ಯಾರದೂ ಅಲ್ಲದ ರಕ್ತವಾಯಿತು. ಉಪವಾಸ ಬಂದಿದ್ದವರನ್ನು ಮರುದಿನ ಮತ್ತೆ ಉಪವಾಸ ಕರೆಸಿ ಮತ್ತೆ ಸೂಜಿ ಚುಚ್ಚಿದೆವು. ಒಬ್ಬ ಅಜ್ಜಿ, ‘ನಿನ್ನೆ ತಗೊಂಡಿದ್ದು ಕುಡದೀರೇನು?’ ಎಂದು ಕೇಳಿದಳು. ಕಾಕು ಅವತ್ತೇ ನನಗೆ ಹೇಳಿದಳು: ‘ಸರ್ವರ್ ತಗೋಳೋಣು. ನೀನೇ ಆರಿಸು. ಇನ್ನೊಮ್ಮೆ ಹಿಂಗಾದ್ರ ಆ ಅಜ್ಜಿ ಮುಂದ ನೀನೇ ನಿಲ್ಲಬೇಕು.’

ಅಂಗಡಿಯ ಚಾಚಾನಿಗೆ ಐವತ್ತು ದಾಟಿದೆ. ತಂದೆಯ ಕಾಲದಲ್ಲಿ ಅದು ರೇಡಿಯೋ ರಿಪೇರಿಯ ಅಂಗಡಿ. ಮಾತು ಕಡಿಮೆ. ನನಗೆ ಅಂಥವರೇ ಕಷ್ಟ. ಹಿಡಿಯಲು ವಾಕ್ಯವೇ ಸಿಗುವುದಿಲ್ಲ. ಆತ ತೋರಿಸಿದ ಪೆಟ್ಟಿಗೆಯ ಮುಂಭಾಗದಲ್ಲಿ ನಾಲ್ಕು ಖಾನೆಗಳಿದ್ದವು, ಮೂರರಲ್ಲಿ ಡಿಸ್ಕ್.

‘ಒಂದು, ಎರಡು ಜೋಡಿ. ಒಂದರಾಗ ಏನು ಬರೀತದ, ಅದನ್ನೇ ಇನ್ನೊಂದರಾಗೂ ಬರೀತದ. ಮೂರನೇದು ಹಾಟ್ ಸ್ಪೇರ್.’

‘ಅದೇನ್ ಮಾಡ್ತದ್ರಿ?’

‘ಏನೂ ಮಾಡಂಗಿಲ್ಲ. ಕರೆಂಟು ತಿಂತದ, ಕುಂದರ್ತದ.’

ಇಷ್ಟು ಒಳ್ಳೆಯ ಅವಕಾಶ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ. ‘ಚಾಚಾ, ಡಿಸ್ಕನ್ನ ಮುಂದಿನಿಂದಲೇ ತಗದು ಹಾಕಬಹುದು ಅಂತೀರಿ. ಹಂಗಾದ್ರ ಮೂರನೇದನ್ನ ಕಪಾಟಿನಾಗ ಇಡ್ತೀನಿ. ಒಂದು ಕೆಟ್ಟ ದಿನ ತಗದು ಹಾಕ್ತೀನಿ. ಒಳಗ ಯಾಕ ತಿರುಗಿಸಿ ಸವೆಸಬೇಕು?’

ಚಾಚಾ ತಲೆಯಾಡಿಸಿದ. ‘ಇಡಬಹುದು. ಖರೇ ಅದ ನಿನ ಮಾತು. ಕೆಟ್ಟಿದ್ದು ಐತವಾರ ಆದ್ರ?’

‘ಸೋಮವಾರ ಹಾಕ್ತೀನಿ.’

‘ಅಲ್ಲೀತನ ಒಂದೇ ಡಿಸ್ಕಿನ ಮ್ಯಾಲ ನಿಂತಿರ್ತದ ನಿನ ಲ್ಯಾಬು. ಸ್ಪೇರ್ ಐತವಾರ ನೋಡಂಗಿಲ್ಲ, ಕಪಾಟಿನ ಕೀಲಿ ಹುಡುಕಂಗಿಲ್ಲ. ಜೋಡಿ ಒಡೀತು ಅಂದ ಕೂಡಲೇ ತಾನೇ ಬರಕೊಳ್ಳಾಕ ಶುರು ಮಾಡ್ತದ. ಖಾನೆ ಇರೋದು ಯಂತ್ರ ಬಂದ್ ಮಾಡಲಾರದೆ ಕೆಟ್ಟಿದ್ದು ತಗೀಲಿಕ್ಕೆ. ಸ್ಪೇರ್ ಇರೋದು ನೀನು ಬರೋ ತನಕ ಕಾಯೋದು ಬ್ಯಾಡಂತ. ಎರಡೂ ಬ್ಯಾರೆ ಕೆಲಸ, ಬೇಟಿ.’

ಉತ್ತರ ಚೆನ್ನಾಗಿತ್ತು. ಹಾಗಾಗಿ ನಾನು ಒಪ್ಪಲಿಲ್ಲ. ‘ಬಾಯಲೆ ಹೇಳಿದ್ರ ನಂಬಂಗಿಲ್ರಿ’ ಎಂದೆ.

ಚಾಚಾ ಆ ಸರ್ವರಿನಿಂದಲೇ ಒಂದು ಕ್ರಿಕೆಟ್ ಪಂದ್ಯದ ವಿಡಿಯೋ ಹಚ್ಚಿದ. ‘ಕೀಳು. ಒಂದನೇದು.’ ಚಾಲೂ ಇರುವ ಯಂತ್ರದ ಹೊಟ್ಟೆಗೆ ಕೈ ಹಾಕಿದೆ. ಚಿಲಕ ಒತ್ತಿ ಎಳೆದೆ. ಪೀಪ್ ಎಂದು ಕೂಗಿತು. ಬೌಲರ್ ಓಡುತ್ತಲೇ ಇದ್ದ. ಮೂರನೆಯ ಖಾನೆಯ ಹಸಿರು ದೀಪ ನಿಧಾನವಾಗಿ ಮಿಣುಕತೊಡಗಿತು. ಎರಡನೆಯದನ್ನು ನೋಡಿ ಬರೆದುಕೊಳ್ಳುತ್ತಿದೆ ಎಂದ ಚಾಚಾ. ನಾನು ಸೋತೆನೆಂದು ಅನ್ನಿಸಿತು. ಸೋಲು ಸಹಿಸದೆ ಎರಡನೆಯದನ್ನೂ ಎಳೆದುಬಿಟ್ಟೆ. ಕ್ಷಣಹೊತ್ತಿನಲ್ಲಿ ಬೌಲರ್ ಗಾಳಿಯಲ್ಲೇ ಕಲ್ಲಾದ.

ಚಾಚಾ ನನ್ನ ಕೈ ಹಿಡಿಯಲೂ ಇಲ್ಲ, ಬೈಯಲೂ ಇಲ್ಲ. ‘ಹಾಂ. ಬರಕೊಂಡು ಮುಗಿಯೋತನಕ ಎಲ್ಲಾ ಎರಡನೇದರಾಗೇ ಇತ್ತು. ಅದನ್ನ ನೀ ಕಿತ್ತಿ. ಅಂಗಡಿ ವಿಡಿಯೋ, ಹೋಗ್ಲಿ ಬಿಡು. ಲ್ಯಾಬಿನಾಗ ಮಾಡಬ್ಯಾಡ.’ ಆಮೇಲೆ ತಾನಾಗಿಯೇ ಸೇರಿಸಿದ: ‘ಇನ್ನೊಂದು ಕೇಳು. ನೀ ಒಂದು ಹೆಸರು ಅಳಿಸಿದ್ರ ಎರಡೂ ಡಿಸ್ಕ್ ಅಳಿಸ್ತಾವ. ಜೋಡಿ ಅಂದ್ರ ಬ್ಯಾಕಪ್ ಅಲ್ಲ. ದಿನಾ ಸಂಜಿಗೆ ಬ್ಯಾರೆ ಡಿಸ್ಕಿಗೆ ಹಾಕ್ಕೊಂಡು ಮನೀಗೆ ಒಯ್ಯಿ.’ ಮಾರುವವನೇ ತನ್ನ ಸಾಮಾನಿನಿಂದ ಏನಾಗುವುದಿಲ್ಲ ಎಂದು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಎದುರುಪಕ್ಷದವರು ಹೀಗೆ ಮಾಡಿದರೆ ವಾದ ಮಾಡುವುದಾದರೂ ಹೇಗೆ?

ಆದರೂ ಆತ ಅಂದು ಆರ್ಡರ್ ಬರೆದುಕೊಳ್ಳಲಿಲ್ಲ. ಮೊದಲು ಲ್ಯಾಬು ನೋಡಬೇಕೆಂದ. ಬಂದವನು ಒಂದು ತಾಸು ಮೂಲೆಯ ಸ್ಟೂಲಿನ ಮೇಲೆ ಕೂತು ನಮ್ಮ ಟೆಕ್ನಿಶಿಯನ್ ಅಕ್ಕನ ಕೈಯನ್ನೇ ನೋಡಿದ. ಹದಿನೈದು ವರ್ಷದಿಂದ ಇರುವ ಅಕ್ಕ, ನಮ್ಮ ಲ್ಯಾಬಿನ ಬೆನ್ನೆಲುಬು. ರಕ್ತ ಪರೀಕ್ಷಿಸುವ ಯಂತ್ರದಲ್ಲಿ ಟ್ಯೂಬಿನ ಸಾಲು ಮುಗಿದರೆ ಆ ಸಾಲಿನ ಹಸಿರು ದೀಪ ಮಿಣುಕುತ್ತದೆ. ಅಕ್ಕ ತಿರುಗಿ ನೋಡದೆಯೇ ಅದನ್ನು ಎಳೆದು ಇನ್ನೊಂದನ್ನು ತಳ್ಳುತ್ತಾಳೆ.

‘ಏನ್ ನೋಡಾಕತ್ತೀರಿ ಭಾಯಿ, ಸೋಯರಿಕಿ ತಂದೀರೇನು?’ ಎಂದು ಅಕ್ಕ ಚುಚ್ಚಿದಳು.

‘ಸೋಯರಿಕೀನೇ ತಂದೀನಿ. ವರ ಹುಮನಾಬಾದಿನ್ಯಾಗ ಅದ, ಡಬ್ಬಿಯೊಳಗ’ ಎಂದ ಚಾಚಾ.

ಸರ್ವರ್ ಬಂದ ದಿನ ಜಗಳ ಅದರ ಬೆನ್ನಿನ ಕಡೆಗೆ ಸರಿಯಿತು. ಹಿಂದೆ ಎರಡು ಪವರ್ ಸಪ್ಲೈ, ಎರಡು ವಯರ್. ಒಂದೇ ಸಾಕಷ್ಟು ಶಕ್ತಿ ಕೊಡುತ್ತದೆಂದರೆ ಎರಡನೆಯದು ಯಾಕೆ ಎಂದೆ. ಒಂದು ಸುಟ್ಟರೂ ಇನ್ನೊಂದು ಒಬ್ಬಂಟಿಯಾಗಿ ಪೂರ್ತಿ ಭಾರ ಹೊರಬೇಕು, ಅದಕ್ಕೇ ಎಂದ. ಸರಿ ಎಂದು ಎರಡೂ ವಯರನ್ನು ಯುಪಿಎಸ್ಸಿನ ಬೋರ್ಡಿಗೆ ನಾನೇ ಚುಚ್ಚಿದೆ. ನಮ್ಮಲ್ಲಿ ಎಲ್ಲಕ್ಕಿಂತ ಭರವಸೆಯ ಬೋರ್ಡು ಅದೇ. ಒಳ್ಳೆಯದನ್ನೆಲ್ಲ ಅದಕ್ಕೇ ಹಚ್ಚುವುದು ಮನೆಮನೆಯ ಪದ್ಧತಿ. ಚಾಚಾ ಆ ಬೋರ್ಡಿನ ಸ್ವಿಚ್ ಆರಿಸಿದ. ಇನ್ನೂ ಒಂದು ಅಕ್ಷರವನ್ನೂ ತುಂಬಿರದ ಸರ್ವರ್ ಕಣ್ಣು ಮುಚ್ಚಿತು.

‘ಎರಡು ಬಾಯಿ ಅದಾವ ಖರೇ. ತಟ್ಟೆ ಒಂದೇ ಆತಲ್ಲ.’

ಒಂದು ವಯರ್ ಯುಪಿಎಸ್ಸಿನಲ್ಲಿ ಉಳಿಯಿತು. ಇನ್ನೊಂದನ್ನು ಬೇರೆ ಗೋಡೆಯ ಬೇರೆ ಲೈನಿಗೆ, ಇನ್ವರ್ಟರಿನ ಮೂಲಕ ಬರುವ ಲೈನಿಗೆ, ಆತ ಎಳೆದ. ಆಮೇಲೆ ಒಂದೊಂದಾಗಿ ಆರಿಸಿ ತೋರಿಸಿದ. ಸರ್ವರಿಗೆ ಎರಡು ಸಲವೂ ಏನೂ ಆಗಲಿಲ್ಲ.

ಹೋಗುವ ಮುಂಚೆ ಖಾನೆಗಳ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸಿದ: ‘ಕೆಂಪಗಿದ್ರ ಫೋನ್ ಮಾಡ್ರಿ. ಹಸಿರು ನಿಧಾನ ಮಿಣುಕಿದ್ರ ಮುಟ್ಟಬ್ಯಾಡ್ರಿ.’ ಆತ ಬಸ್ಸು ಹತ್ತಿದ ಮೇಲೆ ನಾನು ಅದನ್ನು ಕಿತ್ತೆ. ನಾವೇನು ಬಾಲವಾಡಿಯವರೇ, ಗೋಡೆಯ ಮೇಲೆ ‘ಬೆಂಕಿ ಮುಟ್ಟಬೇಡ’ ಎಂದು ಬರೆಯಲು? ನನಗಂತೂ ಎಲ್ಲ ಗೊತ್ತಿತ್ತು. ಗೊತ್ತಿರಬೇಕಾದವಳು ನಾನೊಬ್ಬಳೇ ಅಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ.

ಸುಮಾರು ಒಂದು ವರ್ಷ ಆ ಕಾಗದದ ನೆನಪೇ ಆಗಲಿಲ್ಲ. ಒಂದು ಸೋಮವಾರ ಒಂಬತ್ತರ ಸುಮಾರಿಗೆ ಲ್ಯಾಬು ತುಂಬಿತ್ತು. ನಾನು ಹೊರಗಿನ ಕೌಂಟರಿನಲ್ಲಿದ್ದೆ. ಒಳಗಿಂದ ಪೀಪ್ ಎಂಬ ಕೂಗು. ಎದ್ದು ಓಡಿ ಹೋಗುವಷ್ಟರಲ್ಲಿ ಅಕ್ಕ ಸರ್ವರಿನ ಮುಂದೆ ನಿಂತಿದ್ದಳು, ಕೈಯಲ್ಲಿ ಒಂದು ಡಿಸ್ಕ್.

‘ಇದು ಮಿಣುಕಾಕತ್ತಿತ್ತು. ತಗದೆ’ ಎಂದಳು, ಕೆಲಸ ಮುಗಿಸಿದ ಸಮಾಧಾನದಲ್ಲಿ.

ಒಂದನೆಯ ಖಾನೆಯಲ್ಲಿ ಕೆಂಪು ದೀಪ: ಆ ಡಿಸ್ಕ್ ಸತ್ತಿತ್ತು. ಮೂರನೆಯದು ಚಾಚಾ ಹೇಳಿದಂತೆ ತಾನೇ ಎದ್ದು ಬರೆದುಕೊಳ್ಳತೊಡಗಿತ್ತು. ಮಿಣುಕಿದ್ದಕ್ಕೆ ಅಕ್ಕ ತನ್ನ ಹದಿನೈದು ವರ್ಷದ ಕೈಯಿಂದ ಅದನ್ನೇ ಎಳೆದಿದ್ದಳು. ಉಳಿದದ್ದು ಎರಡನೆಯದೊಂದೇ. ಶನಿವಾರ ಸಂಜೆಯವರೆಗಿನದು ನಾನು ದಿನಾ ಮನೆಗೆ ಒಯ್ದು ತರುವ ಹೊರಗಿನ ಡಿಸ್ಕಿನಲ್ಲಿದೆ; ಇವತ್ತಿನ ಟ್ಯೂಬುಗಳ ಹೆಸರು ಆ ಒಂದು ಡಿಸ್ಕಿನ ಹೊರತು ಜಗತ್ತಿನಲ್ಲಿ ಎಲ್ಲೂ ಇಲ್ಲ. ಹೊರಗೆ ಬೆಂಚಿನ ಮೇಲೆ ತೋಳಿಗೆ ಹತ್ತಿ ಒತ್ತಿಕೊಂಡು ಜನ ಕೂತಿದ್ದರು.

ಫೋನ್ ಮಾಡಿದೆ. ನಡೆದದ್ದನ್ನು ಚಾಚಾನಿಗೆ ಒಂದೇ ಉಸಿರಿನಲ್ಲಿ ಹೇಳಿದೆ.

‘ಎರಡನೇದು ಹಸಿರು ಅದ ಏನು?’

‘ಅದ.’

‘ಬಂದ್ ಮಾಡಬ್ಯಾಡ. ಕಿತ್ತಿದ್ದು ತಿರುಗಿ ಹಾಕಬ್ಯಾಡ, ಅದರಾಗ ಅರ್ಧಮರ್ಧ ಬರೆದಿರ್ತದ. ಈಗಿನದೆಲ್ಲಾ ಹೊರಗಿನ ಡಿಸ್ಕಿಗೆ ಇಳಿಸು. ನಾ ಬರೋತನಕ ಹೊಸ ಹೆಸರು ವಹಿಯಾಗನೂ ಬರೀರಿ. ಹೊಂಟೆ.’

ಇಳಿಸುವಾಗ ಪರದೆಯ ಮೇಲಿನ ಪಟ್ಟಿ ಎಷ್ಟು ಮೆಲ್ಲಗೆ ತುಂಬುತ್ತದೆಂದು ಅವತ್ತು ತಿಳಿಯಿತು. ಅಕ್ಕ ಪಕ್ಕದಲ್ಲಿ ನಿಂತು, ‘ನಾ ಏನರ ಕೆಡಿಸಿದೆನೇನು?’ ಎಂದು ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳುವುದರೊಳಗೆ ಕಾಕು ಒಳಗೆ ಬಂದಳು. ನಾನು ಹೇಳಿದೆ: ಅಕ್ಕ ಕೆಡಿಸಿಲ್ಲ, ಆಕೆಗೆ ಹೇಳುವ ಕಾಗದವಿತ್ತು, ಕಿತ್ತವಳು ನಾನು. ಕಾಕು ನನ್ನ ಕಡೆ ತಿರುಗಿದಳು. ‘ಚರ್ಚಾಸ್ಪರ್ಧೆದಾಗ ಗೆದ್ದ ಬಹುಮಾನದ ಕಪ್ಪು ಎಷ್ಟವ ನಿನ್ನವು? ಒಂದರಾಗ ಚಹಾ ತಗೊಂಡು ಬಾ, ಹುಮನಾಬಾದಿನವರು ಬರೋದರಾಗ.’

ನಕಲು ಮುಗಿಯಿತು. ಎಲ್ಲ ಹೆಸರುಗಳೂ ಇದ್ದವು. ಹುಮನಾಬಾದಿನಿಂದ ಚಾಚಾ ಹೆಗಲಿಗೆ ಚೀಲ ಹಾಕಿಕೊಂಡು ಬಂದಾಗ ಹತ್ತೂವರೆ. ನೇರ ಸರ್ವರಿನ ಮುಂದೆ ಹೋದ. ಕೆಂಪು ದೀಪದ ಡಿಸ್ಕ್ ಎಳೆದ, ಅದೇ ಅಳತೆಯ ಹೊಸದನ್ನು ತಳ್ಳಿದ, ಪರದೆಯಲ್ಲಿ ಎರಡು ಕಡೆ ಒತ್ತಿದ. ಒಂದನೆಯ ಖಾನೆ ಮಿಣುಕತೊಡಗಿತು. ಈ ನಡುವೆ ಹೊರಗೆ ಪ್ರಿಂಟರ್ ವರದಿ ಉಗುಳುತ್ತಲೇ ಇತ್ತು. ಬೆಂಚಿನ ಮೇಲಿದ್ದವರಿಗೆ ಏನೊಂದೂ ಗೊತ್ತಾಗಲಿಲ್ಲ. ಅವರಿಗೆ ಗೊತ್ತಾಗದಂತೆ ಮಾಡುವುದೇ ಈ ಮನುಷ್ಯನ ಇಡೀ ವಿದ್ಯೆ ಎಂದು ನನಗೆ ಆಗ ಹೊಳೆಯಿತು.

ಬರೆದುಕೊಂಡು ಮುಗಿಯಲು ಮೂರು ತಾಸು ಬೇಕಿತ್ತು. ಆತ ಸ್ಟೂಲಿನ ಮೇಲೆ ಕೂತ. ನನ್ನ ಬಾಯಿ ಸುಮ್ಮನಿರಲಾರದೆ ಕೇಳಿತು: ‘ಚಾಚಾ, ಸ್ಪೇರ್ ಇದ್ದೂ ಕೊನೀಗೆ ಒಂದೇ ಡಿಸ್ಕಿನ ಮ್ಯಾಲ ಬಂದು ನಿಂತೆವಲ್ಲ. ಹಂಗಾದ್ರ ನನ್ನ ಕಪಾಟಿನ ವಾದಕ್ಕೂ ಇದಕ್ಕೂ ಏನು ಫರಕ್?’

ಆತ ನಿಜವಾಗಿ ಯೋಚಿಸಿದ. ‘ಇವತ್ತು ಫರಕ್ ಇಲ್ಲ. ಖರೇ ಅದ. ಅಕ್ಕಗ ನಾ ಕೈ ಹಿಡದು ಕಲಿಸಬೇಕಿತ್ತು. ಕಾಗದ ಅಂಟಿಸಿ ಹೋದೆ. ಕಾಗದ ಯಾರು ಓದ್ತಾರ?’ ತಪ್ಪಿನ ಪಾಲು ಹಂಚಿಕೊಳ್ಳಲು ನಾನು ಕೇಳಿರಲಿಲ್ಲ. ಆತ ತಾನೇ ಎತ್ತಿಕೊಂಡ.

ಕಾಯುವ ಹೊತ್ತಿನಲ್ಲಿ ಅಕ್ಕ ಎಳೆದಿದ್ದ ಡಿಸ್ಕನ್ನು ತನ್ನ ಲ್ಯಾಪ್‌ಟಾಪಿಗೆ ಹಚ್ಚಿ ಪರೀಕ್ಷಿಸಿದ, ಅಳಿಸಿದ. ಎರಡು ಗಂಟೆಯ ಹೊತ್ತಿಗೆ ಮಿಣುಕು ನಿಂತು ಒಂದನೆಯ ಖಾನೆಯ ಹಸಿರು ಸ್ಥಿರವಾಯಿತು. ಆಗ ಅಕ್ಕನನ್ನು ಕರೆದು ಆ ಡಿಸ್ಕನ್ನು ಆಕೆಯ ಕೈಗೇ ಕೊಟ್ಟ.

‘ನೀವೇ ತಗದೀರಿ, ನೀವೇ ಹಾಕ್ರಿ. ಪೂರ್ತಿ ತಳ್ಳಿ, ಆಮ್ಯಾಲ ಚಿಲಕ.’

ಅಕ್ಕ ತಳ್ಳಿದಳು. ಟಕ್ ಎಂದಿತು. ಆತ ಅದನ್ನು ಮತ್ತೆ ಸ್ಪೇರ್ ಎಂದು ನೇಮಿಸಿದ. ಕೆಂಪು ಅಂದರೇನು, ಮಿಣುಕಿದರೇನು, ಎರಡು ಡಿಸ್ಕಿನ ನಡುವೆ ಏನು ನಡೆಯುತ್ತದೆ ಎಂದು ಆಕೆಯ ಬಾಯಿಂದಲೇ ಹೇಳಿಸಿದ. ಅಕ್ಕ ಹೇಳಿದ್ದು ನನ್ನ ಯಾವ ಭಾಷಣಕ್ಕಿಂತಲೂ ಸ್ಪಷ್ಟವಾಗಿತ್ತು.

ಮನ್ನಾಏಖೇಳ್ಳಿಯ ವರದಿಗಳ ಲಕೋಟೆ ಮೂರೂವರೆಯ ಬಸ್ಸಿಗೆ ಹೋಯಿತು. ಒಂದೂ ಟ್ಯೂಬು ಹೆಸರು ಕಳೆದುಕೊಂಡಿರಲಿಲ್ಲ. ಅದೇ ಬಸ್ಸಿನಲ್ಲಿ ಕಿಟಕಿಯ ಪಕ್ಕ ಚಾಚಾ ಕೂತಿದ್ದ, ಮಡಿಲಲ್ಲಿ ಸತ್ತ ಡಿಸ್ಕಿನ ಚೀಲ.