ಇನ್ವರ್ಡ್ ಬುಕ್ಕಿನಲ್ಲಿ ನನ್ನ ದೂರು

ನನಗೆ ಸಿಟ್ಟು ಬಂದರೆ ಕೈ ಮೊದಲು ಪೆನ್ನಿಗೆ ಹೋಗುತ್ತದೆ, ಬುದ್ಧಿ ಆಮೇಲೆ ಬರುತ್ತದೆ. ನವಲಗುಂದದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಗ ಅಂಥದೊಂದು ಸಿಟ್ಟಿನಲ್ಲಿ ಲೆಕ್ಕ ಶಾಖೆಗೆ ಪತ್ರ ಬರೆದೆ. ಅದಾದ ಮೇಲೆ ಆ ವಾರ ಪೂರ್ತಿ ನಾನು ಪಟ್ಟ ಭಯ ನನಗೇ ಗೊತ್ತು.

ಸಂಗತಿ ಇಷ್ಟು. ಪ್ರವೇಶದ ಹೊತ್ತಿಗೆ ನಮ್ಮ ಮನೆಯಲ್ಲಿ ಅರ್ಧ ಫೀಗಷ್ಟೇ ಹಣ ಹೊಂದಿಕೆಯಾಗಿತ್ತು. ಉಳಿದದ್ದನ್ನು ಸ್ಕಾಲರ್‌ಶಿಪ್ ಬಂದ ಕೂಡಲೇ ಕಟ್ಟುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟಿದ್ದೆ. ಗೆಳತಿಯರ ಸ್ಕಾಲರ್‌ಶಿಪ್ ಬಂದು ಎರಡು ತಿಂಗಳಾಗಿತ್ತು. ನಾನು ಮಾತ್ರ ವಾರವಾರ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಪ್ರಿಂಟ್ ಮಾಡಿಸಿಕೊಂಡು ಬರಿಗೈಯಲ್ಲಿ ಬರುತ್ತಿದ್ದೆ. ಅಷ್ಟರಲ್ಲಿ ನೋಟಿಸ್ ಬೋರ್ಡಿಗೆ ಚೀಟಿ ಹಚ್ಚಿದರು: ಶನಿವಾರದೊಳಗೆ ಬಾಕಿ ಕಟ್ಟದವರಿಗೆ ಹಾಲ್‌ಟಿಕೆಟ್ ಇಲ್ಲ. ಹಾಲ್‌ಟಿಕೆಟ್ ಇಲ್ಲವೆಂದರೆ ಪರೀಕ್ಷೆ ಇಲ್ಲ, ಮೂರು ವರ್ಷ ನಮ್ಮೂರು ತಿರ್ಲಾಪುರದಿಂದ ಬಸ್ಸಿನಲ್ಲಿ ನಿಂತು ಬಂದದ್ದೆಲ್ಲ ನೀರಿನಲ್ಲಿ ಹೋಮ.

ಲೆಕ್ಕ ಶಾಖೆಯ ಕಿಟಕಿಯಲ್ಲಿ ಕೂಡುತ್ತಿದ್ದ ಸರ್ ಹಣೆತುಂಬ ವಿಭೂತಿ ಹಚ್ಚುವವರು. ನಿವೃತ್ತಿಗೆ ಆರು ತಿಂಗಳು ಉಳಿದಿತ್ತು. ಎಷ್ಟು ಸಲ ಕೇಳಿದರೂ ಒಂದೇ ಮಾತು: “ನಮ್ಮ ಕಡಿಂದ ಎಲ್ಲಾ ಆಗೇತಿ ಯವ್ವಾ. ಬರ್ತೈತಿ, ಬರ್ತೈತಿ.” ಬರ್ತೈತಿ ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಯಿತು. ಸೋಮವಾರ ಲೈಬ್ರರಿಯಲ್ಲಿ ಕೂತು ಬರೆದೆ. ಮಾನ್ಯರೇ ಅಂದೆ, ನಮ್ರಳಾಗಿ ಅಂದೆ, ಎಲ್ಲ ಕ್ರಮವಾಗಿಯೇ ಬರೆದೆ. ವಿಷಯ ಎಂಬಲ್ಲಿ ಮಾತ್ರ ಹೀಗೆ ಬರೆದೆ: “ಲೆಕ್ಕ ಶಾಖೆಯವರು ನನ್ನ ವಿದ್ಯಾರ್ಥಿವೇತನ ನುಂಗಿರುವ ಬಗ್ಗೆ.” ಕೆಳಗೆ, ಪ್ರಾಚಾರ್ಯರಿಗೆ ಪ್ರತಿ.

ಅವರು ಪತ್ರ ತೆಗೆದುಕೊಂಡು ಓದಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಠಸ್ಸೆ ಹೊಡೆದು, ನನ್ನ ಪ್ರತಿಯ ಮೇಲೆ ನಂಬರು ಹಾಕಿ, ಸಹಿ ಮಾಡಿ ಕೊಟ್ಟರು. ಹೊರಗೆ ಬಂದು ಗೆಳತಿಗೆ ಜಂಬದಿಂದ ತೋರಿಸಿದೆ.

“ನುಂಗ್ಯಾರ ಅಂತ ಬರದೀಯೇನಲೇ? ಹುಚ್ಚಿ ಅದೀಯೇನ?” ಅಂದಳು.

ಆಗಲೂ ನನಗೆ ಹೆದರಿಕೆ ಆಗಲಿಲ್ಲ. ಆದದ್ದು ಬುಧವಾರ, ಪ್ರಾಚಾರ್ಯರು ಕರೆಸಿದಾಗ. ನನ್ನ ಪತ್ರ ಅವರ ಮೇಜಿನ ಮೇಲಿತ್ತು.

“ಇದು ಖರೇ ಏನವಾ?”

“ಎಲ್ಲಾರ್ದೂ ಬಂದೈತ್ರಿ ಸರ್. ನಂದಷ್ಟ ಬಂದಿಲ್ರಿ.”

“ನಾ ಅದನ್ನ ಕೇಳಲಿಲ್ಲ. ನುಂಗ್ಯಾರ ಅಂತ ಬರದೀಯಲ್ಲ, ಅದು ಖರೇ ಏನು?”

ನಾನು ಮೇಜಿನ ಮೇಲಿನ ಪತ್ರವನ್ನೇ ನೋಡಿದೆ. ಅವರೇ ಮುಂದುವರಿಸಿದರು. “ಅವರಿಗೆ ನೋಟಿಸ್ ಕೊಟ್ಟೀನಿ. ಶನಿವಾರದೊಳಗ ಬರದು ಉತ್ತರ ಕೊಡಬೇಕು. ಖರೇ ಇದ್ರ ಅವರ ಪೆನ್ಶನ್‌ಗೆ ಅಡ್ಡ ಬರತೈತಿ. ಸುಳ್ಳಿದ್ರ ನಿನ್ನ ವಿಚಾರ ಮಾಡಬೇಕಾಗತೈತಿ. ಹೋಗು.”

ಅವತ್ತು ಮನೆಯಲ್ಲಿ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ. ಖರೇ ಆದರೆ ಒಂದು ಭಯ, ಸುಳ್ಳಾದರೆ ಇನ್ನೊಂದು ಭಯ. ಅವ್ವ ಹಣೆ ಮುಟ್ಟಿ ನೋಡಿ, “ಜ್ವರ ಇಲ್ಲ, ಏನಾಗೇತಿ?” ಎಂದು ಕೇಳಿದಳು. ಪರೀಕ್ಷೆ ಹತ್ತಿರ ಬಂತಲ್ಲ ಎಂದು ತಿಪ್ಪೆ ಸಾರಿಸಿದೆ.

ಗುರುವಾರ ಕಿಟಕಿಯ ಮುಂದೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದವಳನ್ನು ಅದೇ ಸರ್ ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚಲೋ ಇರುತ್ತಿತ್ತು.

“ಆಧಾರ್ ಕಾರ್ಡ್ ಐತೇನು? ಮೊಬೈಲ್ ತಗಿ,” ಅಂದರು. “ಸ್ಕಾಲರ್‌ಶಿಪ್ ರೊಕ್ಕ ನಮ್ಮ ಕೈಗೆ ಬರಂಗಿಲ್ಲ ಯವ್ವಾ. ಸರ್ಕಾರದಿಂದ ಸೀದಾ ವಿದ್ಯಾರ್ಥಿ ಅಕೌಂಟಿಗೆ ಹೋಗತೈತಿ. ಅದೂ ನಿನ್ನ ಕೈಯಾಗಿನ ಪಾಸ್‌ಬುಕ್ ನೋಡಿ ಅಲ್ಲ. ನಿನ್ನ ಆಧಾರ್ ಕಡೀಕ ಯಾವ ಬ್ಯಾಂಕಿಗೆ ಜೋಡಾಗೈತಿ, ಅಲ್ಲಿಗೆ.”

ಸರ್ಕಾರದ ಹಣ ಸಂದಾಯ ತೋರಿಸುವ ಆ್ಯಪ್ ನನ್ನ ಫೋನಿನಲ್ಲೇ ಹಾಕಿಸಿದರು. ಓಟಿಪಿ ಬಂತು. ತೆರೆಯ ಮೇಲೆ ನನ್ನ ಹೆಸರು, ಎರಡು ತಿಂಗಳ ಹಿಂದಿನ ತಾರೀಖು, ಹಣ ಪಾವತಿಯಾಗಿದೆ ಎಂಬ ಮಾತು. ಬ್ಯಾಂಕು ಮಾತ್ರ ಬೇರೆ.

“ಈ ಬ್ಯಾಂಕಿನ್ಯಾಗ ನಿಂದು ಖಾತೆ ಐತೇನು?”

“ಇಲ್ರಿ ಸರ್,” ಅಂದೆ. ಅನ್ನುವಾಗಲೇ ನಮ್ಮ ಓಣಿಯ ಕಾಕಾ ಕಣ್ಣ ಮುಂದೆ ಬಂದ.

ಕಾಕಾನದು ಕಿರಾಣಿ ಅಂಗಡಿ. ಅದರಲ್ಲೇ ಒಂದು ಬ್ಯಾಂಕಿನ ಪರವಾಗಿ ಹೆಬ್ಬೆಟ್ಟಿನ ಮಷೀನ್ ಇಟ್ಟುಕೊಂಡು ಹಣ ಕೊಡುವುದು, ಖಾತೆ ತೆರೆಯುವುದು ಮಾಡುತ್ತಾನೆ. ತಿಂಗಳಿಗೆ ಇಷ್ಟು ಖಾತೆ ಎಂದು ಬ್ಯಾಂಕಿನವರು ಗುರಿ ಕೊಟ್ಟಿರುತ್ತಾರೆ. ಹೋದ ದೀಪಾವಳಿಯ ಹೊತ್ತಿಗೆ ಅವ್ವ ನನ್ನನ್ನು ಬೆಲ್ಲಕ್ಕೆ ಕಳಿಸಿದ್ದಳು. ಕಾಕಾ, “ಒಂದ್ ಹೆಬ್ಬೆಟ್ಟು ಕೊಡು ಬೇ, ಈ ತಿಂಗಳ ನಂದೊಂದು ಖಾತಿ ಕಡಿಮಿ ಬಿದ್ದೈತಿ,” ಅಂದಿದ್ದ. ಓಣಿಯವರೆಲ್ಲ ಕೊಟ್ಟಿದ್ದರು. ಹುಟ್ಟಿದಾಗಿನಿಂದ ನೋಡಿದ ಕಾಕಾನಿಗೆ ಯಾಕೆ, ಏನು ಎಂದು ಕೇಳುವುದು ನಮ್ಮಲ್ಲಿ ಇಲ್ಲ. ಹೆಬ್ಬೆಟ್ಟು ಒತ್ತಿ, ಬೆಲ್ಲ ತಗೊಂಡು, ಮರೆತುಬಿಟ್ಟಿದ್ದೆ. ಆ ಹೆಬ್ಬೆಟ್ಟಿನಿಂದಲೇ ನನ್ನ ಆಧಾರ್ ಆ ಹೊಸ ಖಾತೆಗೆ ಜೋಡಾಗಿತ್ತು.

ಬಸ್ಸಿನಲ್ಲಿ ಊರಿಗೆ ಹೋಗುವಾಗ ಹೊಸ ಹೆದರಿಕೆ ಹೊಕ್ಕಿತು. ಆ ಹಣ ಇನ್ನೂ ಇದೆಯೋ ಇಲ್ಲವೋ? ಖಾತೆ ತೆರೆದ ದಿನ, ಮಷೀನ್ ತಗೊಳ್ಳಲಿಲ್ಲವೆಂದು ಕಾಕಾ ಎರಡು ಮೂರು ಸಲ ಹೆಬ್ಬೆಟ್ಟು ಒತ್ತಿಸಿದ್ದ. ಅದು ಬರೀ ಖಾತೆಗೋ, ಬೇರೆ ಯಾವುದಕ್ಕೋ? ನೋಡಿ, ಒಬ್ಬರ ಮೇಲೆ ಕಳ್ಳತನ ಹೊರಿಸಿ ನಾಲ್ಕು ದಿನವಾಗಿರಲಿಲ್ಲ, ಮನಸ್ಸು ಆಗಲೇ ಇನ್ನೊಬ್ಬರನ್ನು ಹಿಡಿದಿತ್ತು.

ಬಸ್ಸಿಳಿದು ಸೀದಾ ಕಾಕಾನ ಅಂಗಡಿಗೆ ಹೋದೆ. ಹತ್ತಿ ಬಿಡಿಸಿ ಒರಟಾದ ನನ್ನ ಹೆಬ್ಬೆಟ್ಟನ್ನು ಮಷೀನ್ ಎರಡು ಸಲ ಒಲ್ಲೆ ಅಂತು. ಕಾಕಾ ಒದ್ದೆ ಅರಿವೆಯಿಂದ ಅದನ್ನು ಒರೆಸಿದ. ಮೂರನೆಯ ಸಲಕ್ಕೆ ಚೀಟಿ ಬಂತು. ಹಣ ಪೂರ್ತಿ ಇತ್ತು.

“ಅಯ್ಯ, ಇದ್ರಾಗ ಬಂದು ಕುಂತೈತೇನ!” ಎಂದು ಕಾಕಾ ನಕ್ಕ. ಗಲ್ಲಾದಿಂದ ಎಣಿಸಿ ಕೊಟ್ಟ. ನಾನು ಅಲ್ಲೇ, ಶೇಂಗಾ ಚೀಲದ ಮೇಲೆ ಕೂತು ಅತ್ತುಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಬಾಕಿ ಕಟ್ಟಿದೆ. ಅದೇ ಸರ್ ರಸೀದಿ ಹರಿದುಕೊಟ್ಟರು, ಹಾಲ್‌ಟಿಕೆಟ್ ಕೊಟ್ಟರು. ನಾನು ಎರಡನೆಯ ಪತ್ರ ಮುಂದೆ ಚಾಚಿದೆ. ಹಣ ನನ್ನದೇ ಇನ್ನೊಂದು ಖಾತೆಗೆ ಬಂದಿದೆ, ತಪ್ಪು ನನ್ನದು, ಕ್ಷಮಿಸಬೇಕು ಎಂದು ಬರೆದಿದ್ದೆ. ಪ್ರಾಚಾರ್ಯರಿಗೂ ಪ್ರತಿ ಹಾಕಿದ್ದೆ.

“ನಾನೂ ಬರ್ತೈತಿ ಬರ್ತೈತಿ ಅಂದೆ, ಮೊಬೈಲಿನ್ಯಾಗ ತಗದು ನೋಡಲಿಲ್ಲ. ಅದು ನನ್ನ ತಪ್ಪು,” ಅಂದರು.

ಆಮೇಲೆ ಇನ್ವರ್ಡ್ ಬುಕ್ ಎಳೆದುಕೊಂಡರು. ಶಾಖೆಗೆ ಬಂದ ಪ್ರತಿ ಪತ್ರವನ್ನೂ ಅದರಲ್ಲಿ ಏರಿಸಬೇಕು: ನಂಬರು, ತಾರೀಖು, ಯಾರಿಂದ, ವಿಷಯ. ವಿಷಯವನ್ನು ಪತ್ರದಲ್ಲಿ ಇದ್ದಂತೆಯೇ ಇಳಿಸಬೇಕು. ಅವರು ನನ್ನ ಎರಡನೆಯ ಪತ್ರದ ನಂಬರು ಬರೆಯುತ್ತಿದ್ದಾಗ ನನ್ನ ಕಣ್ಣು ಮೇಲಿನ ಸಾಲುಗಳಿಗೆ ಹೋಯಿತು. ಸೋಮವಾರದ ತಾರೀಖು, ನನ್ನ ಹೆಸರು. ಅದರ ಮುಂದೆ ಅವರದೇ ದುಂಡನೆಯ ಅಕ್ಷರದಲ್ಲಿ: ಲೆಕ್ಕ ಶಾಖೆಯವರು ನನ್ನ ವಿದ್ಯಾರ್ಥಿವೇತನ ನುಂಗಿರುವ ಬಗ್ಗೆ. ಒಂದು ಅಕ್ಷರವನ್ನೂ ಬಿಟ್ಟಿರಲಿಲ್ಲ. ಆ ಶಾಖೆಯಲ್ಲಿ ಇದ್ದವರು ಅವರೊಬ್ಬರೇ.

“ಸರ್, ಅದನ್ನ ಹೊಡದ ಹಾಕ್ರಿ,” ಅಂದೆ. “ನಿಮ್ಮ ಕಾಲಿಗೆ ಬೀಳ್ತೀನ್ರಿ.”

“ಇನ್ವರ್ಡ್ ಬುಕ್ಕಿನ್ಯಾಗ ಗೀಟು ಎಳೆಯಂಗಿಲ್ಲ ಯವ್ವಾ,” ಅಂದರು. “ನಾ ಹ್ವಾದ ಮ್ಯಾಲೂ ಇದು ಇಲ್ಲೇ ಇರತೈತಿ.”

ಬುಕ್ ಮುಚ್ಚಿ ಕಪಾಟಿನಲ್ಲಿಟ್ಟರು. ನನ್ನ ಹಿಂದೆ ಇನ್ನೊಬ್ಬಳು ಫೀ ಕಟ್ಟಲು ನಿಂತಿದ್ದಳು.