ಒಂದೇ ಥರ್ಮಾಮೀಟರಿನ ಪಾಠ

ಪುತ್ತೂರಿನಲ್ಲಿ ಬಿ.ಎಡ್. ಓದುತ್ತಿದ್ದಾಗ ಬೆಳ್ಳಾರೆಯ ಒಂದು ಶಾಲೆಯಲ್ಲಿ ನನ್ನ ಅಭ್ಯಾಸ ಪಾಠವಿತ್ತು. ಅಂಕ ಕೊಡಲು ಬಂದಿದ್ದ ನಮ್ಮ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠಯೋಜನೆ ಬಿಡಿಸಿದರು.

ಯೋಜನೆಯಲ್ಲೇನೂ ತಪ್ಪಿರಲಿಲ್ಲ. ಮಕ್ಕಳು ನೀರಿನ ಉಷ್ಣತೆಯನ್ನು ತಾವೇ ಅಳೆಯಬೇಕು ಎಂಬುದು ಉದ್ದೇಶ. ಅದಕ್ಕೆ ತಕ್ಕ ಅನುಭವಗಳನ್ನು ಆರಿಸಿ, ಸುಲಭದಿಂದ ಕಷ್ಟಕ್ಕೆ ಜೋಡಿಸಿದ್ದೆ: ಮೊದಲು ನೀರು ಮುಟ್ಟಿ ಅಂದಾಜು ಮಾಡುವುದು, ಆಮೇಲೆ ಥರ್ಮಾಮೀಟರಿನ ಗೆರೆ ಓದುವುದು, ಕೊನೆಗೆ ಅಳೆಯುವುದು. ಆದರೆ ಶಾಲೆಯಲ್ಲಿದ್ದದ್ದು ಒಂದೇ ಥರ್ಮಾಮೀಟರ್. ಅದು ಒಡೆದರೆ ಮೇಡಂ ಎದುರಿಗೇ ಮಾನ ಹೋಗುತ್ತದೆಂದು ಹೆದರಿ, "ಯಾರೂ ಮುಟ್ಟಬೇಡಿ, ಒಡೆದು ಹೋಗ್ತದೆ" ಎಂದು ಎಲ್ಲವನ್ನೂ ನಾನೇ ಮಾಡಿ ತೋರಿಸಿದೆ. ಮೌಲ್ಯಮಾಪನಕ್ಕೂ ಬರೀ ಬಾಯಿಪ್ರಶ್ನೆ. "ಉಷ್ಣತೆಯನ್ನು ಯಾವುದರಿಂದ ಅಳೆಯುತ್ತಾರೆ?" ಇಡೀ ತರಗತಿ ಒಟ್ಟಿಗೆ ಉತ್ತರ ಕೂಗಿತು. ಬದುಕಿದೆ ಅಂದುಕೊಂಡೆ.

ಮೇಡಂ ಎದ್ದು ಹತ್ತಿರ ಬಂದರು. "ನೀವು ಬರೆದ ಉದ್ದೇಶ ಎಂತ, ಕೇಳಿದ ಪ್ರಶ್ನೆ ಎಂತ ಮಾರಾಯ್ರೆ? ಅಳೆಯಲಿಕ್ಕೆ ಬರ್ತದಾ ಅಂತ ಗೊತ್ತಾಗ್ಬೇಕಾದ್ರೆ ಅಳೆಯಲಿಕ್ಕೇ ಕೊಡ್ಬೇಕಲ್ಲ?" ಎಂದು ಮೆಲ್ಲಗೆ ಹೇಳಿ, ಮುಂದಿನ ಬೆಂಚಿನ ಹುಡುಗಿಗೆ ಥರ್ಮಾಮೀಟರ್ ಚಾಚಿದರು. "ಈ ನೀರಲ್ಲಿ ಬಿಸಿ ಎಷ್ಟುಂಟು, ನೋಡಿ ಹೇಳು ಮಗಾ."

ಎಲ್ಲರಿಗಿಂತ ಜೋರಾಗಿ ಉತ್ತರ ಕೂಗಿದವಳು ಅವಳೇ. ಈಗ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನನ್ನ ಮುಖ ನೋಡಿದಳು.

"ನನಗೆ ಬೇಡ ಟೀಚರ್, ಒಡೆದು ಹೋಗ್ತದೆ."

ಆ ದಿನ ನಾನು ಕಲಿಸಿದ್ದು ಅದೊಂದನ್ನೇ. ಅವಳು ಚೆನ್ನಾಗಿಯೇ ಕಲಿತಿದ್ದಳು.