ನೀವಾದ್ರ ನುಂಗ್ತಿದ್ರೇನ್ರಿ?

ಆ ದಿನ ನನಗೆ ಕೊಟ್ಟಿದ್ದು ಎರಡು ನಿಮಿಷ. ಊರಿನ ಸಮಿತಿಯ ಅಧ್ಯಕ್ಷರಾಗಿದ್ದ ನಿವೃತ್ತ ಹೆಡ್‌ಮಾಸ್ತರರು ಶಾಲೆಯ ಮೆಟ್ಟಿಲ ಮೇಲೆಯೇ ನನ್ನನ್ನು ತಡೆದು, ನಾಲ್ಕಾಗಿ ಮಡಚಿದ ಹಾಳೆಯೊಂದನ್ನು ಕೈಗಿಟ್ಟರು. ನಾನು ಮಾಡಬೇಕಾದ ಸ್ವಾಗತ ಭಾಷಣವನ್ನು ಅವರೇ ಬರೆದು ತಂದಿದ್ದರು. ‘ಅಧಿಕ ರಕ್ತದೊತ್ತಡವೆಂಬ ಮೌನ ಮಹಾಮಾರಿಯು ಸಮಸ್ತ ಜನಕೋಟಿಯನ್ನು’ ಎಂದು ಶುರುವಾಗುತ್ತಿತ್ತು.

‘ಡಾಕ್ಟರ್ ಬಾಯಾರ, ಇದನ್ನ ಓದಿಬಿಡ್ರಿ. ದೊಡ್ಡವ್ರು ಬಂದಾರ, ಅವ್ರೂ ಮಾತಾಡಬೇಕು. ಒಟ್ಟ ನಮ್ಮ ಮಾತಿನಾಗ ಮಾತಾಡಬ್ಯಾಡ್ರಿ. ಸ್ಟೇಜಿನ ಮ್ಯಾಲೆ ಅದು ಚಂದ ಕಾಣಂಗಿಲ್ಲ.’

ಎರಡು ಸಾವಿರದ ದಶಕದ ಮಧ್ಯದ ಮಾತು. ಬ್ಯಾಡಗಿಯಿಂದ ಅರ್ಧ ಗಂಟೆ ದಾರಿಯ ಆರೋಗ್ಯ ಕೇಂದ್ರವೊಂದರಲ್ಲಿ ನಾನು ವೈದ್ಯೆಯಾಗಿದ್ದೆ. ತವರು ಕುಪ್ಪೇಲೂರು; ಗಂಡನ ಮನೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ವ್ಯಾಪಾರದವರು. ನಮ್ಮ ಕೇಂದ್ರದ ಹಳ್ಳಿಯೊಂದರಲ್ಲಿ ಆರೋಗ್ಯ ಶಿಬಿರ ಇಟ್ಟುಕೊಂಡಿದ್ದರು. ಮೆಣಸಿನಕಾಯಿ ಸುಗ್ಗಿಯ ಕಾಲವಾದರೂ ಅವತ್ತು ಮಾರ್ಕೆಟ್ಟಿಗೆ ರಜೆ. ಹಾಗಾಗಿ ದಿನವೂ ಬ್ಯಾಡಗಿಗೆ ಹೋಗಿ ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರೆಲ್ಲ ಬಂದು ಶಾಲೆಯ ಅಂಗಳದಲ್ಲಿ ಕೂತಿದ್ದರು.

ಮೈಕಿನ ಮುಂದೆ ನಿಂತು ಹಾಳೆ ಬಿಚ್ಚಿದೆ. ಮೊದಲ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಆಗಲೇ ಆಕಳಿಸುತ್ತಿದ್ದಳು. ನಾನು ಐದೂವರೆ ವರ್ಷ ಇಂಗ್ಲಿಷಿನಲ್ಲಿ ಕಲಿತಿದ್ದನ್ನು ನಮ್ಮವ್ವನಿಗೆ ಅವಳ ಮಾತಿನಲ್ಲಿ ತಿಳಿಸಲು ಎಷ್ಟು ಒದ್ದಾಡಿದ್ದೆನೆಂಬುದು ನೆನಪಾಯಿತು. ಹಾಳೆಯನ್ನು ಮಡಚಿ ಪರ್ಸಿನಲ್ಲಿ ಹಾಕಿಕೊಂಡೆ.

‘ಎಲ್ಲಾರೂ ಬಂದೀರಿ, ಭಾಳ ಚಲೋ ಆತು,’ ಅಂದೆ. ‘ನಿಮ್ಮ ಹೊಲದಾಗ ಬೋರಿನ ಮೋಟರ್ ಐತಲ್ರಿ? ಮೋಟರ್ ನೀರು ದಬ್ಬತೈತಿ, ಪೈಪಿನಾಗ ನೀರು ಓಡತೈತಿ. ನಮ್ಮ ಎದಿಯೊಳಗಿನ ಗುಂಡಿಗಿನೂ ಅಂಥಾದ್ದ ಒಂದು ಮೋಟರ್. ಅದು ರಕ್ತ ದಬ್ಬತೈತಿ. ಆ ರಕ್ತ ಓಡುವಾಗ ನರದ ಗೋಡಿನ್ನ ಒತ್ತತೈತಿ. ಆ ಒತ್ತೋದಕ್ಕ ಬಿ.ಪಿ. ಅಂತಾರ. ಬಿ.ಪಿ. ಎಲ್ಲಾರಿಗೂ ಇರತೈತಿ, ಇರಲಿಲ್ಲಂದ್ರ ಮನಷ್ಯಾ ಬದುಕಂಗಿಲ್ಲ. ಅದು ಬೇಕಾದ್ದಕ್ಕಿಂತ ಹೆಚ್ಚಾಗಿ, ಹೆಚ್ಚಾಗೇ ಉಳಕೊಂಡ್ರ ಅದು ಬ್ಯಾನಿ.’

ಆಕಳಿಸುತ್ತಿದ್ದ ಮುದುಕಿ ಬಾಯಿ ಮುಚ್ಚಿ ನನ್ನತ್ತ ನೋಡಿದಳು. ಪಕ್ಕದ ಕುರ್ಚಿಯಿಂದ ಹೆಡ್‌ಮಾಸ್ತರರು ಗಂಟಲು ಸರಿಮಾಡಿಕೊಂಡರು. ನಾನು ತಿರುಗಲಿಲ್ಲ.

ಗುಂಡಿಗೆ ಹಿಂಡಿದಾಗಿನ ಒತ್ತಡ ಮೇಲಿನ ಅಂಕಿ, ಸಡಿಲ ಬಿಟ್ಟಾಗಿನದು ಕೆಳಗಿನ ಅಂಕಿ ಎಂದೆ. ಮೇಲಿನದು ನೂರಾನಲವತ್ತು ಅಥವಾ ಕೆಳಗಿನದು ತೊಂಬತ್ತು ಮುಟ್ಟಿದರೆ ಹುಷಾರಾಗಬೇಕು. ಆದರೆ ಒಂದೇ ಸಲ ನೋಡಿ ಬಿ.ಪಿ. ಇದೆ ಎಂದು ಹೇಳುವುದಿಲ್ಲ, ಬೇರೆ ಬೇರೆ ದಿನ ನೋಡುತ್ತೇವೆ ಎಂದೆ. ತಲೆ ನೋಯಲೇಬೇಕೆಂದಿಲ್ಲ, ಕಣ್ಣು ಕತ್ತಲೆ ಬರಲೇಬೇಕೆಂದಿಲ್ಲ, ಸುಮ್ಮನೆ ಒಳಗೇ ವರ್ಷಗಟ್ಟಲೆ ಕೆಲಸ ಮಾಡಿ ಮಿದುಳು, ಕಿಡ್ನಿ, ಕಣ್ಣು, ಗುಂಡಿಗೆ ಎಲ್ಲವನ್ನೂ ಕೆಡಿಸುತ್ತದೆ ಎಂದೆ.

‘ಖಾರ ತಿಂದ್ರ ಬರತೈತೇನ್ರಿ?’ ಗಂಡಸರ ಸಾಲಿನಿಂದ ಒಬ್ಬ ಕೇಳಿದ. ಎಲ್ಲರೂ ನಕ್ಕರು. ಬ್ಯಾಡಗಿ ಸೀಮೆಯಲ್ಲಿ ನಿಂತು ಖಾರಕ್ಕೆ ಕೆಟ್ಟ ಹೆಸರು ತರಲು ಯಾರಿಗೆ ಧೈರ್ಯ?

‘ಖಾರದ್ದು ತಪ್ಪಿಲ್ಲ. ಅದರ ಸಂಗಾಟ ಬರೋ ಉಪ್ಪಿಂದು ತಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ರಂಜಕ ಎಲ್ಲಾದ್ರಾಗೂ ಉಪ್ಪು ಹೇರೇ ಇರತೈತಿ. ತಾಟಿನ ಬಾಜೂಕ ಮತ್ತ ಬ್ಯಾರೆ ಉಪ್ಪು ಇಟಗೋತೀರಿ. ಅದನ್ನ ಮೊದಲ ಬಿಡ್ರಿ. ತಂಬಾಕೂ ಬಿಡ್ರಿ.’

ನನ್ನ ಎರಡು ನಿಮಿಷ ಎಂದೋ ಮುಗಿದಿತ್ತು. ಕೊನೆಗೆ ಗುಳಿಗೆಯ ಮಾತಿಗೆ ಬಂದೆ. ಕೆಲವರಿಗೆ ಉಪ್ಪು ಕಡಿಮೆ ಮಾಡಿ, ಓಡಾಡಿದರೆ ಸಾಕಾಗುತ್ತದೆ. ಗುಳಿಗೆ ಬೇಕಾದವರು ಬಿ.ಪಿ. ಇಳಿಯಿತೆಂದು ತಾವಾಗಿಯೇ ಬಿಡಬಾರದು, ಇಳಿದಿರುವುದೇ ಗುಳಿಗೆಯಿಂದ, ಬಹಳ ಮಂದಿಗೆ ಅದು ಜೀವನಪೂರ್ತಿ ಬೇಕಾಗುತ್ತದೆ ಎಂದೆ.

ಆಗ ಹೆಂಗಸರ ನಡುವಿನಿಂದ ಒಬ್ಬಳು ಎದ್ದು ನಿಂತಳು. ಐವತ್ತರ ಆಸುಪಾಸು, ಗಟ್ಟಿ ಆಳು. ತುಂಬು ಬಿಡಿಸಿ ಬಿಡಿಸಿ ಬೆರಳ ತುದಿಗಳು ಕೆಂಪಾಗಿದ್ದವು.

‘ಬಾಯಾರ, ನನ್ನ ಗಂಡಗ ಬಿ.ಪಿ. ಐತಿ ಅಂತ ಗುಳಿಗಿ ಕೊಟ್ರು. ತಿಂದ. ಇಳೀತು ಅಂದ್ರು. ಬಿಟ್ಟ. ಆರು ತಿಂಗಳಿಗೆ ಲಕ್ವಾ ಹೊಡದು ಒಂದು ಮಗ್ಗಲು ಬಿತ್ತು. ಎರಡು ವರ್ಷ ಹಾಸಗಿ ಮ್ಯಾಲೆ ಮಾಡೀನಿ, ಆಮ್ಯಾಲೆ ಹೋದ. ಬಿಡಬಾರದು ಅಂತ ಒಬ್ಬರರೆ ಹೇಳಿದ್ರೇನ್ರಿ ನಮಗ?’

‘ಯವ್ವಾ, ಕುಂದ್ರು, ಆಮ್ಯಾಲೆ ಕೇಳೀಯಂತ,’ ಹೆಡ್‌ಮಾಸ್ತರರು ಕೈ ಬೀಸಿದರು.

‘ಯಾಕ ಕುಂದ್ರಲಿ? ಕೇಳಾಕ ಕರದೀರಲ್ಲ!’

ಆಕೆಯ ಗಂಡನನ್ನು ನಾನು ನೋಡಿದವಳಲ್ಲ. ಆದರೂ ಬೇರೆ ಯಾರ ಮೇಲೋ ಹಾಕಿ ಜಾರಿಕೊಳ್ಳಲು ಮನಸ್ಸಾಗಲಿಲ್ಲ. ‘ಹೇಳಬೇಕಾಗಿತ್ತು. ಹೇಳದಿದ್ದದ್ದು ಡಾಕ್ಟರ್ ಮಂದಿ ತಪ್ಪು,’ ಅಂದೆ.

ಆಕೆ ಅಷ್ಟಕ್ಕೇ ಬಿಡಲಿಲ್ಲ. ‘ಈಗ ನಮಗ ಸಾಯೋತನಕ ನುಂಗ್ರಿ ಅಂತೀರಿ. ಬಿ.ಪಿ. ಅಂದ್ರ ಕುಂತು ಉಣ್ಣೋರ ಬ್ಯಾನಿ ಅಂತ ಕೇಳೇವಿ. ದುಡಿಯೋರು ನಾವು. ನೀವಾದ್ರ ನುಂಗ್ತಿದ್ರೇನ್ರಿ?’



ಇಲ್ಲಿ ಒಂದು ವಿಷಯ ಹೇಳಬೇಕು. ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ಬಿ.ಪಿ. ಏರಿತ್ತು. ಹೆರಿಗೆಯಾದ ಮೇಲೂ ಇಳಿಯಲಿಲ್ಲ. ನಾಲ್ಕು ವರ್ಷಗಳಿಂದ ದಿನವೂ ಗುಳಿಗೆ ತೆಗೆದುಕೊಳ್ಳುತ್ತಿದ್ದೆ. ಇದು ಗೊತ್ತಿದ್ದದ್ದು ಗಂಡನಿಗೆ ಮತ್ತು ಅತ್ತೆಗೆ ಮಾತ್ರ. ‘ಯಾರ ಮುಂದೂ ಬಾಯಿ ಬಿಡಬ್ಯಾಡ,’ ಎಂದಿದ್ದರು ಅತ್ತೆ. ‘ಬ್ಯಾನಿ ಇದ್ದ ಡಾಕ್ಟರ್ ಕಡೆ ಯಾರು ಬರ್ತಾರ? ನಾಳೆ ನಿನ್ನ ಮಗಳ ಲಗ್ನಕ್ಕೂ ಅಡ್ಡ ಬರತೈತಿ.’ ಮಗಳಿಗೆ ಆಗ ವರ್ಷವೂ ತುಂಬಿರಲಿಲ್ಲ. ಆದರೂ ನಾನು ಹೂಂ ಅಂದಿದ್ದೆ, ಇಷ್ಟು ದಿನ ಮುಚ್ಚಿಟ್ಟೂ ಇದ್ದೆ. ದಿನವೂ ಮಂದಿಗೆ ಹೆದರಬೇಡಿ, ಮುಚ್ಚಿಡಬೇಡಿ ಎಂದು ಹೇಳುವವಳು ನಾನೇ.

ಪರ್ಸಿಗೆ ಕೈ ಹಾಕಿದೆ. ಗುಳಿಗೆಯ ಪಟ್ಟಿ ತೆಗೆದು ಎತ್ತಿ ಹಿಡಿದೆ.

‘ನುಂಗಾಕತ್ತೇನಿ. ನಾಲ್ಕು ವರ್ಷ ಆತು. ಮುಂಜಾನೆನೂ ನುಂಗೇ ಬಂದೇನಿ. ನನಗ ಬಿ.ಪಿ. ಐತಿ.’

ಯಾರೋ ‘ಅಯ್ಯ ಶಿವನ!’ ಅಂದರು. ನಾನು ನಮ್ಮ ನರ್ಸಿಗೆ ಬಿ.ಪಿ. ಯಂತ್ರ ತರಲು ಹೇಳಿದೆ. ವೇದಿಕೆಯ ಮೇಲೇ ಕುರ್ಚಿಯಲ್ಲಿ ಕೂತು ತೋಳು ಚಾಚಿದೆ. ಆಕೆ ಪಟ್ಟಿ ಸುತ್ತಿ, ಬಲೂನು ಒತ್ತಿ, ಪಾದರಸ ಇಳಿಯುವುದನ್ನು ನೋಡುತ್ತ ನನ್ನ ಮುಖ ನೋಡಿದಳು. ‘ಗಟ್ಟಿಯಾಗಿ ಹೇಳ್ರಿ,’ ಅಂದೆ.

‘ನೂರಾ ಐವತ್ತೆಂಟು, ತೊಂಬತ್ತಾರು.’

‘ಗುಳಿಗಿ ನುಂಗಿದ್ರೂ ಏರೇತಿ!’ ಗಂಡಸರ ಸಾಲಿನಲ್ಲಿ ನಗೆ ಎದ್ದಿತು. ಬಂದಿದ್ದ ದೊಡ್ಡವರೂ ನಕ್ಕರು. ಹೆಡ್‌ಮಾಸ್ತರರು ಮೈಕು ತೆಗೆದುಕೊಳ್ಳಲು ಎದ್ದೇಬಿಟ್ಟರು.

ನನ್ನ ಮುಖ ಬಿಸಿಯಾಯಿತು. ಆದರೆ ಕುರ್ಚಿ ಬಿಡಲಿಲ್ಲ, ಮೈಕೂ ಕೊಡಲಿಲ್ಲ. ‘ನಗ್ರಿ, ಅಡ್ಡಿ ಇಲ್ಲ. ನಾನು ಇಷ್ಟೊತ್ತನಕ ನಿಂತು ಒದರೇನಿ. ನಿಮ್ಮ ಮುಂದ ಹೇಳಾಕ ಎದಿ ಬಡಕೊಳ್ಳಾಕತ್ತಿತ್ತು. ಅಂಥಾದ್ರಾಗ ನೋಡಿದ್ರ ಯಾರದಾದ್ರೂ ಏರತೈತಿ. ಬಿ.ಪಿ. ನೋಡೋದು ಹಿಂಗಲ್ಲ. ಐದು ನಿಮಿಷ ಸುಮ್ಮನ ಕುಂದ್ರಬೇಕು. ಬೆನ್ನು ಕುರ್ಚಿಗೆ ಹಚ್ಚಬೇಕು, ಕಾಲು ನೆಲದ ಮ್ಯಾಲೆ, ಕೈ ಎದಿ ಮಟ್ಟಕ್ಕ. ಮಾತಾಡಬಾರದು. ಈಗ ನಾನೂ ಮಾತಾಡಂಗಿಲ್ಲ. ದೊಡ್ಡವ್ರೂ ಐದು ನಿಮಿಷ ಕಾಯಲಿ.’

ಐದು ನಿಮಿಷ! ಅಷ್ಟು ಮಂದಿಯ ಕಣ್ಣೆದುರು ತುಟಿ ಹೊಲಿದುಕೊಂಡು ಕೂತಿದ್ದೆ. ಇಳಿಯದಿದ್ದರೆ? ಇಳಿಯದಿದ್ದರೆ ಗುಳಿಗೆ ಸಾಲದು, ಬದಲಿಸಬೇಕು ಎಂದು ಅದನ್ನೂ ಹೇಳಿಬಿಡುವುದು ಎಂದು ನಿಶ್ಚಯಿಸಿದೆ. ಎದ್ದು ನಿಂತಿದ್ದ ಹೆಂಗಸು ಕೂರಲೇ ಇಲ್ಲ. ಸೊಂಟಕ್ಕೆ ಕೈ ಕೊಟ್ಟು ನನ್ನನ್ನೇ ನೋಡುತ್ತಿದ್ದಳು.

ನರ್ಸ್ ಮತ್ತೆ ನೋಡಿದಳು. ‘ನೂರಾ ಮೂವತ್ತಾರು, ಎಂಬತ್ನಾಲ್ಕು.’

ಈ ಸಲ ಯಾರೂ ನಗಲಿಲ್ಲ. ಆ ಹೆಂಗಸು ಸಾಲು ದಾಟಿಕೊಂಡು ವೇದಿಕೆಗೇ ಹತ್ತಿ ಬಂದಳು. ‘ಏಳ್ರಿ ಬಾಯಾರ. ನಂದೂ ನೋಡ್ರಿ. ನಾನೂ ಐದು ನಿಮಿಷ ಕುಂದ್ರತೇನಿ.’

ಆಕೆ ಕೂತಳು. ಆ ಐದು ನಿಮಿಷವೂ ದೊಡ್ಡವರು ಕಾಯಬೇಕಾಯಿತು. ನೂರಾ ಎಂಬತ್ತೆರಡು, ನೂರಾ ನಾಲ್ಕು. ಸ್ವಲ್ಪ ಹೊತ್ತು ಬಿಟ್ಟು ನಾನೇ ಮತ್ತೆ ನೋಡಿದೆ; ಹೆಚ್ಚೇನೂ ಇಳಿದಿರಲಿಲ್ಲ. ತಲೆನೋವು, ಎದೆನೋವು, ಕಣ್ಣು ಮಂಜು, ಕೈಕಾಲು ಜೋಮು ಇದೆಯೇ ಎಂದು ಕೇಳಿದೆ.

‘ಏನೂ ಇಲ್ಲ. ನಿನ್ನೆ ಎರಡು ಚೀಲ ಕಾಯಿ ತುಂಬು ಬಿಡಿಸೇನಿ.’

‘ಇದನ್ನ ನೋಡ್ರಿ ನಾ ಹೇಳಿದ್ದು,’ ಎಂದೆ. ಆಕೆ ಅಳಲಿಲ್ಲ, ಹೆದರಲೂ ಇಲ್ಲ. ಸಿಟ್ಟಿನಿಂದ ಅಂದಳು: ‘ಗಂಡನ್ನ ತಿಂದದ್ದು ನನ್ನೂ ತಿನ್ನಾಕ ಬಂದೈತೇನು? ನೋಡೇ ಬಿಡ್ತೇನಿ.’

ಅಂದು ಅವಳಿಗೆ ಗುಳಿಗೆ ಶುರು ಮಾಡಿ, ವಾರದೊಳಗೆ ಕೇಂದ್ರಕ್ಕೆ ಬರಲು ಹೇಳಿದೆ. ಉಳಿದ ಭಾಷಣಗಳು ನಡೆದವೋ ಇಲ್ಲವೋ ನನಗೆ ಗೊತ್ತಿಲ್ಲ. ಮಂದಿ ಪಾಳಿ ಹಚ್ಚಿ ನಿಂತುಬಿಟ್ಟಿದ್ದರು.

ಸುದ್ದಿ ನನಗಿಂತ ಮುಂಚೆ ಬ್ಯಾಡಗಿ ತಲುಪಿತ್ತು. ಮನೆಗೆ ಹೋದಾಗ ಅತ್ತೆ ಪಡಸಾಲೆಯಲ್ಲೇ ಕೂತಿದ್ದರು. ‘ಮೈಕಿನಾಗ ಒದರಿ ಬಂದ್ಯಂತಲ್ಲ! ಅಂಗಡ್ಯಾಗ ಎಲ್ಲಾರೂ ನನ್ನ ಮಗನ್ನ ಕೇಳಾಕತ್ತಾರ.’

‘ಕೇಳಲಿ ಬಿಡ್ರಿ ಅತ್ತಿ. ಕಳವು ಮಾಡಿಲ್ಲಲ್ಲ ನಾನು.’

ಹದಿನೈದು ದಿನ ಅವರು ನನ್ನೊಂದಿಗೆ ಮಾತಾಡಲಿಲ್ಲ. ನಾನೂ ತಪ್ಪಾಯಿತು ಅನ್ನಲಿಲ್ಲ. ಇಂದಿಗೂ ಅವರ ಪ್ರಕಾರ ನಾನು ಮಾಡಿದ್ದು ಸರಿಯಲ್ಲ. ಆದರೆ ನನ್ನ ಕಡೆ ಬರುವವರು ಕಡಿಮೆಯಾಗಲಿಲ್ಲ. ಅತ್ತೆಯ ಗೆಳತಿಯರೇ ಇಬ್ಬರು ಹಿತ್ತಲ ಬಾಗಿಲಿನಿಂದ ಬಂದು ಬಿ.ಪಿ. ನೋಡಿಸಿಕೊಂಡು ಹೋದರು.

ಆ ಹೆಂಗಸಿನ ಬಿ.ಪಿ. ಎರಡು ತಿಂಗಳಲ್ಲಿ, ಇನ್ನೊಂದು ಗುಳಿಗೆ ಸೇರಿಸಿದ ಮೇಲೆ, ಹತೋಟಿಗೆ ಬಂತು. ಮುಂದೆ ಮಳೆಗಾಲದಲ್ಲಿ ಕೇಂದ್ರದಲ್ಲಿ ಬಿ.ಪಿ. ಗುಳಿಗೆಗಳು ಖಾಲಿಯಾದವು. ಜಿಲ್ಲಾ ಕಚೇರಿಗೆ ಬರೆದು ಕಳಿಸಿದೆ, ಬರಲಿಲ್ಲ. ಮತ್ತೆ ಬರೆದೆ. ‘ಶಿಬಿರ ಮಾಡಿ ಗದ್ದಲ ಹಚ್ಚಿದವರು ನೀವು, ಸಂಭಾಳಿಸಿಕೊಳ್ಳಿ’ ಎಂದು ಮೇಲಿನವರೊಬ್ಬರು ಫೋನಿನಲ್ಲಿ ಗದರಿದರು. ಮೂರನೆಯ ಪತ್ರ ಬರೆಯುತ್ತಿದ್ದಾಗ ಆಕೆ ಹನ್ನೆರಡು ಹೆಂಗಸರನ್ನು ಕರೆದುಕೊಂಡು ಬಂದು ಕೇಂದ್ರದ ಕಟ್ಟೆಯ ಮೇಲೆ ಕೂತಳು.

‘ಬಿಡಬ್ಯಾಡ ಅಂತ ಹೇಳಿದವ್ರು ನೀವ. ಈಗ ಇಲ್ಲ ಅಂದ್ರ ಹೆಂಗ?’

ನಾನು ಪತ್ರ ತೋರಿಸಿ, ಓದಿ ಹೇಳಿದೆ. ಆಕೆ ಕೇಳಿ, ‘ಇದರಾಗ ನಮ್ಮದೂ ಹಾಕ್ರಿ,’ ಅಂದಳು. ಹನ್ನೆರಡೂ ಮಂದಿ, ಆಕೆಯೂ, ಪತ್ರದ ಕೆಳಗೆ ಹೆಬ್ಬೆಟ್ಟು ಒತ್ತಿದರು. ಸಹಿ ಬರುತ್ತಿದ್ದ ಇಬ್ಬರೂ ಎಲ್ಲರಂತೆ ಹೆಬ್ಬೆಟ್ಟನ್ನೇ ಒತ್ತಿದರು. ಅಂಥ ಪತ್ರ ಕಳಿಸಬಾರದಿತ್ತೆಂದು ನನಗೆ ಒಂದು ನೋಟೀಸು ಬಂತು. ಗುಳಿಗೆಗಳ ಡಬ್ಬಿಗಳೂ ಅದೇ ವಾರ ಬಂದವು.

ಆಕೆ ತನ್ನ ಪಾಲಿನ ಗುಳಿಗೆ ಎಣಿಸಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ‘ಇನ್ನೊಮ್ಮೆ ಖಾಲಿ ಆಗೂ ಹಂಗ ಕಂಡ್ರ ಮೊದಲ ನಮಗ ಹೇಳ್ರಿ ಬಾಯಾರ,’ ಅಂದಳು. ‘ಆಮ್ಯಾಲೆ ಅವ್ರಿಗೆ ಬರೀರಿ.’